ಅಳಿಸುವ ಮೊದಲು ಅಳೆದುಕೊಂಡ ಹೊಳಪು

ಪಾಂಡವಪುರದ ಕಡೆಯ ಒಂದು ಆಲೆಮನೆಯವರು ತಮ್ಮ ಬೆಲ್ಲದ ಪುಡಿಗೆ ಹೊಸ ಲೋಗೊ ಮಾಡಿಸಿದ್ದರು. ಹೊಸ ಲೇಬಲ್ ಅಚ್ಚಾಗಿ ಬರುವ ಮೊದಲೇ ಮಾರಾಟಕ್ಕೆ ಚಿತ್ರ ಬೇಕಾಗಿತ್ತು. ಮೈಸೂರಿನ ನನ್ನ ಸ್ಟುಡಿಯೋದಲ್ಲಿ ಹಿಂದೆ ತೆಗೆದ ಹಳೆಯ ಜಾಡಿಯ ಫೋಟೊ ಇದ್ದುದರಿಂದ ಅದನ್ನೇ ಮಾಕ್‌ಅಪ್ ಆಗಿ ಬಳಸಿ, ಲೋಗೊ ಒಂದನ್ನು ಮಾತ್ರ ಬದಲಿಸಲು ನಿರ್ಧರಿಸಿದೆ. ಲೇಬಲ್ ಕೆನೆಬಣ್ಣದ ಕಾಗದದ್ದು, ಅದರ ಮೇಲೆ ಹೊಳೆಯುವ ಲ್ಯಾಮಿನೇಷನ್ ಇತ್ತು. ಹಳೆಯ ಲೋಗೊ ಗಾಢ ಕಂದು, ಹೊಸದು ಗಾಢ ಹಸಿರು. ಎಡಗಡೆಯ ಕಿಟಕಿಯ ಬೆಳಕು ಲಂಬವಾದ ಬಿಳಿಯ ಪಟ್ಟಿಯಾಗಿ ಲೋಗೊದ ಮೊದಲ ಎರಡು ಅಕ್ಷರಗಳನ್ನು ದಾಟಿ ಹೋಗಿತ್ತು. ಜಾಡಿಯ ಕೆಳಗೆ ಕಪ್ಪು ಗ್ರಾನೈಟ್ ಹಲಗೆಯಲ್ಲಿ ಅದರ ಪ್ರತಿಬಿಂಬವೂ ಬಿದ್ದಿತ್ತು.

ಇಂಥ ಕೆಲಸದಲ್ಲಿ ಹಳೆಯ ಲೋಗೊವನ್ನು ಮೊದಲು ಅಳಿಸಿ, ಹೊಸದನ್ನು Photoshop‌ನಲ್ಲಿ, ಕೆಳಗಿನ ಬಣ್ಣವನ್ನು ಮೇಲಿನದರಿಂದ ಗುಣಿಸಿ ಗಾಢವಾಗಿಸುವ Multiply ಕ್ರಮದಲ್ಲಿ ಕೂರಿಸುವುದು ವಾಡಿಕೆ. ನೆರಳಿನ ಮಟ್ಟಿಗೆ ಇದು ಸರಿಯೇ, ಏಕೆಂದರೆ ಕಾಗದ ಎಷ್ಟು ಮಬ್ಬಾಗಿದೆಯೋ ಶಾಯಿಯೂ ಅಷ್ಟೇ ಪ್ರಮಾಣದಲ್ಲಿ ಮಬ್ಬಾಗುತ್ತದೆ. ಹೊಳಪಿಗೆ ಈ ಲೆಕ್ಕ ಹೊಂದುವುದಿಲ್ಲ. ಲ್ಯಾಮಿನೇಷನ್ನಿನ ಹೊಳಪು ಶಾಯಿಯ ಕೆಳಗಿನಿಂದ ಬರುವುದಲ್ಲ. ಅದು ಮೇಲಿನ ಪಾರದರ್ಶಕ ಪದರದಿಂದಲೇ ಪ್ರತಿಫಲಿಸಿ, ಕೆಳಗೆ ಕಾಗದವಿರಲಿ ಶಾಯಿಯಿರಲಿ, ಅದರ ಬಣ್ಣಕ್ಕೆ ತನ್ನ ಬೆಳಕನ್ನು ಕೂಡಿಸುತ್ತದೆ. Multiply ಮಾಡಿದಾಗ ಬಿಳಿಯ ಪಟ್ಟಿಯ ಮೇಲಿನ ಹಸಿರು ಹಸಿರಾಗಿಯೇ ಉಳಿಯುತ್ತದೆ. ಪಟ್ಟಿ ಅಕ್ಷರದ ಅಂಚಿಗೆ ಬಂದು ತುಂಡಾಗಿ, ಅಕ್ಷರ ದಾಟಿದ ಮೇಲೆ ಮತ್ತೆ ಆರಂಭವಾಗುತ್ತದೆ. ನೋಡುವವರಿಗೆ ಕಾರಣ ಹೇಳಲು ಬಾರದಿದ್ದರೂ, ಲೋಗೊ ಮೇಲೆ ಅಂಟಿಸಿದ್ದೆಂದು ಗೊತ್ತಾಗುವುದು ಹೀಗೆಯೇ.

ಹಾಗಾದರೆ ಎಷ್ಟು ಬೆಳಕನ್ನು ಕೂಡಿಸಬೇಕು? ಕೆನೆಬಣ್ಣದ ಕಾಗದವನ್ನು ನೋಡಿ ಇದನ್ನು ತಿಳಿಯಲಾಗದು. ಪಟ್ಟಿ ಬಿದ್ದ ಕಡೆ ಕಾಗದ 255ರ ಗರಿಷ್ಠ ಮಟ್ಟಕ್ಕೆ ಏರಿ ನಿಂತಿರುತ್ತದೆ. ಅದಕ್ಕಿಂತ ಹೆಚ್ಚಿನ ಬೆಳಕು ಬಿದ್ದಿದ್ದರೂ ಫೋಟೊದಲ್ಲಿ ದಾಖಲಾಗಿರುವುದಿಲ್ಲ. ಅದನ್ನು ಹೇಳಬಲ್ಲದ್ದು ಹಳೆಯ ಲೋಗೊದ ಗಾಢ ಶಾಯಿ ಮಾತ್ರ. ಆದ್ದರಿಂದ ನಾನು ಅದನ್ನು ಅಳಿಸುವ ಮೊದಲು ಅಳೆದುಕೊಳ್ಳುತ್ತೇನೆ. ಈ ಫೋಟೊದಲ್ಲಿ ಪಟ್ಟಿಯ ಹೊರಗಿನ ಕಂದು, ಕೆಂಪು, ಹಸಿರು, ನೀಲಿಯ ಮಟ್ಟಗಳಲ್ಲಿ ಕ್ರಮವಾಗಿ 62, 38, 28 ಇತ್ತು. ಪಟ್ಟಿಯ ನಡುವಿನ ಅದೇ ಕಂದು 168, 150, 142 ಆಗಿತ್ತು. ಮೊದಲನೆಯದರ ಮೇಲೆ, ಕೆಳಗಿನ ಬಣ್ಣವನ್ನು ಬೆಳಗಿಸುವ Screen ಕ್ರಮದಲ್ಲಿ ಯಾವ ಬಣ್ಣವಿಟ್ಟರೆ ಎರಡನೆಯದು ಸಿಗುತ್ತದೆಂದು ಹಿಂದಕ್ಕೆ ಲೆಕ್ಕ ಹಾಕಿದೆ:

```
S = 255 × (1 − (255 − ಹೊಳಪಿನಲ್ಲಿ) / (255 − ಹೊರಗೆ))
```

ಇದರಿಂದ ಸುಮಾರು 140, 132, 128 ದೊರೆಯಿತು. ತುಸು ಬೆಚ್ಚನೆಯ ಬೂದುಬಣ್ಣ. ಕಿಟಕಿಯ ಬೆಳಕಿನ ಬಣ್ಣವೇ ಹೊರತು ಶಾಯಿಯದ್ದಲ್ಲ. Screen ಎನ್ನುವುದು ಬೆಳಕಿನ ನಿಖರವಾದ ಸಂಕಲನವಲ್ಲ, ಆದರೆ ಒಂದು ಗಾಢ ಶಾಯಿಯಿಂದ ಅಳೆದು ಇನ್ನೊಂದು ಗಾಢ ಶಾಯಿಗೆ ಹಾಕುವಾಗ ವ್ಯತ್ಯಾಸ ಕಣ್ಣಿಗೆ ಬೀಳುವಷ್ಟಿರುವುದಿಲ್ಲ. ಪಟ್ಟಿಯ ಎಡ ಅಂಚು ಚೂಪಾಗಿಯೂ ಬಲ ಅಂಚು ನಿಧಾನವಾಗಿ ಕರಗುವಂತೆಯೂ ಇದ್ದುದನ್ನು ಹಳೆಯ ಅಕ್ಷರಗಳ ಮೇಲೆಯೇ ಗುರುತಿಸಿ, ಗೈಡ್ ಗೆರೆಗಳನ್ನು ಎಳೆದಿಟ್ಟುಕೊಂಡೆ. ಹಳೆಯ ಅಕ್ಷರದ ಅಂಚು ಸುಮಾರು 3 ಪಿಕ್ಸೆಲ್‌ಗಳಲ್ಲಿ ಕಂದಿನಿಂದ ಕೆನೆಗೆ ತಿರುಗುತ್ತಿತ್ತೆಂಬುದನ್ನೂ ಬರೆದುಕೊಂಡೆ.

ಅಳಿಸುವ ಕೆಲಸದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಲೇಬಲ್ಲಿನ ಬೆಳಕು ಎಡದಿಂದ ಬಲಕ್ಕೆ ಬದಲಾಗುತ್ತದೆಯೇ ಹೊರತು ಮೇಲಿನಿಂದ ಕೆಳಕ್ಕೆ ಅಷ್ಟಾಗಿ ಬದಲಾಗುವುದಿಲ್ಲ. ಆದ್ದರಿಂದ ಪ್ರತಿ ಅಕ್ಷರದ ನೇರ ಮೇಲಿನ ಅಥವಾ ನೇರ ಕೆಳಗಿನ ಕಾಗದವನ್ನೇ Clone Stamp ಮೂಲಕ ತಂದರೆ ನೆರಳು ತಾನಾಗಿ ಹೊಂದುತ್ತದೆ. ಪಕ್ಕದಿಂದ ತಂದರೆ ಕಲೆ ಉಳಿಯುತ್ತದೆ.

ಜಾಡಿಯ ದುಂಡಿಗೆ ಲೋಗೊವನ್ನು ಬಗ್ಗಿಸುವಾಗ ಮೇಲಿನ ಮತ್ತು ಕೆಳಗಿನ ಗೆರೆಗಳನ್ನು ಕಮಾನಾಗಿಸಿದರೆ ಸಾಲದು, ಅಡ್ಡಳತೆಯೂ ಅಂಚಿನ ಕಡೆಗೆ ಕುಗ್ಗಬೇಕು. ಜಾಡಿಯ ವ್ಯಾಸ 80 ಮಿಲಿಮೀಟರ್, ಅಚ್ಚಿನಲ್ಲಿ ಲೋಗೊದ ಅಗಲ 70 ಮಿಲಿಮೀಟರ್. ನಡುವಿನಿಂದ ಒಂದು ಅಂಚಿಗಿರುವ 35 ಮಿಲಿಮೀಟರನ್ನು ತ್ರಿಜ್ಯವಾದ 40ರಿಂದ ಭಾಗಿಸಿದರೆ 0.875 ರೇಡಿಯನ್, ಅಂದರೆ ಸುಮಾರು 50 ಡಿಗ್ರಿ. ಅದರ ಸೈನ್ 0.77 ಆದ್ದರಿಂದ ಎದುರಿನಿಂದ ನೋಡುವವರಿಗೆ ಲೋಗೊ 61 ಮಿಲಿಮೀಟರಿನಷ್ಟೇ ಕಾಣುತ್ತದೆ. ಆ 9 ಮಿಲಿಮೀಟರಿನ ನಷ್ಟ ಎಲ್ಲ ಅಕ್ಷರಗಳಿಗೂ ಸಮನಾಗಿ ಹಂಚಿಹೋಗುವುದಿಲ್ಲ: ನಡುವಿನ ಅಕ್ಷರ ತನ್ನ ಪೂರ್ಣ ಅಗಲದಲ್ಲಿರುತ್ತದೆ, ಅಂಚಿನಲ್ಲಿ ಅಗಲ ಮೂರನೇ ಎರಡು ಭಾಗಕ್ಕಿಂತಲೂ ತುಸು ಕಡಿಮೆಯಾಗುತ್ತದೆ. ಲೋಗೊವನ್ನು Smart Object ಆಗಿಸಿ, Warp ಜಾಲದ ಲಂಬ ಗೆರೆಗಳನ್ನು ಈ ಅಳತೆಗೆ ತಕ್ಕಂತೆ ಸರಿಸಿದೆ. ಕಮಾನಿನ ಆಳಕ್ಕೆ ಲೇಬಲ್ಲಿನ ಮೇಲಂಚು ಮತ್ತು ಕೆಳಂಚುಗಳೇ ಮಾದರಿ. ಕ್ಯಾಮೆರಾ ಮೇಲಿದ್ದುದರಿಂದ ಕೆಳಂಚು ಹೆಚ್ಚು ಬಾಗಿತ್ತು, ಲೋಗೊದ ಬಾಗು ಅವೆರಡರ ನಡುವೆ ಇರಬೇಕಿತ್ತು.

ಅನಂತರ ಲೋಗೊವನ್ನು Multiply ಆಗಿಸಿ, ಅದರ ಆಕಾರಕ್ಕಷ್ಟೇ ಸೀಮಿತವಾದ ಮಾಸ್ಕ್ ಹಾಕಿ, ಅಳೆದಿಟ್ಟ ಬೂದುಬಣ್ಣದ ಪಟ್ಟಿಯನ್ನು Screen ಕ್ರಮದಲ್ಲಿ ಮೇಲಿಟ್ಟೆ. ಕಾಗದದ ಹೊಳಪು ಫೋಟೊದಲ್ಲೇ ಇರುವುದರಿಂದ ಅದಕ್ಕೆ ಇನ್ನೊಮ್ಮೆ ಕೂಡಿಸಬಾರದು. 24, 66, 40 ಇದ್ದ ಹಸಿರು ಪಟ್ಟಿಯಲ್ಲಿ 151, 164, 148ರ ಆಸುಪಾಸಿಗೆ ಬಂದಿತು. ಪಟ್ಟಿಯ ಕೆಳಗಿನ ಕಾಗದ ಮೊದಲೇ ಬೆಳಗಿದ್ದು, Multiply ಆ ಹೆಚ್ಚಳವನ್ನೂ ಹಸಿರಿಗೆ ಕೊಟ್ಟಿರುವುದರಿಂದ Screen ಪದರದ Opacity ತುಸು ಇಳಿಸಬೇಕಾಯಿತು. ಕಡೆಗೆ ಲೋಗೊಗೆ 0.8 ಪಿಕ್ಸೆಲ್‌ನ Gaussian Blur ಕೊಟ್ಟು, ಅಂಚನ್ನು ಬರೆದಿಟ್ಟ ಅಳತೆಗೆ ತಂದೆ.

ಚಿತ್ರ ನೋಡಿದ ಆಲೆಮನೆಯ ಯಜಮಾನರು, "ಹೆಸರ್ ಮೇಲೆ ಅದ್ಯಾಕ್ ಮೇಡಂ ಬೆಳ್ಳಗೆ ಪಟ್ಟೆ ಬುಟ್ಟಿದ್ದೀರಾ, ಒರಸ್ಬುಡಿ" ಎಂದರು. ಪಟ್ಟಿ ತೆಗೆದ ಇನ್ನೊಂದು ಪ್ರತಿಯನ್ನು ಪಕ್ಕದಲ್ಲಿಟ್ಟು ತೋರಿಸಿದೆ. ಅದರಲ್ಲಿ ಹೆಸರು ಜಾಡಿಯಿಂದ ಎದ್ದು ಬಂದಂತೆ ಕಾಣುತ್ತಿತ್ತು. ಪಟ್ಟಿಯಿರುವುದನ್ನೇ ಅವರು ಆರಿಸಿಕೊಂಡರು.

ಗ್ರಾನೈಟ್ ಹಲಗೆಯ ಪ್ರತಿಬಿಂಬದಲ್ಲಿ ಹಳೆಯ ಹೆಸರಿನ ಕೆಳಭಾಗ ಮಸುಕಾಗಿ ಕಾಣುತ್ತಿದ್ದುದರಿಂದ ಅದನ್ನೂ ಬದಲಿಸಬೇಕಿತ್ತು. ಮೇಲಿನ ಬಾಗಿದ ಲೋಗೊವನ್ನು ಹಾಗೆಯೇ ತಲೆಕೆಳಗು ಮಾಡಿ ಇಟ್ಟರೆ ಕಮಾನೂ ತಲೆಕೆಳಗಾಗಿ ಮೇಲಕ್ಕೆ ಉಬ್ಬುತ್ತದೆ, ಅದು ತಪ್ಪು. ಹಲಗೆಯೊಳಗೆ ಕಾಣುವ ಜಾಡಿ ಕಣ್ಣಿನ ಮಟ್ಟಕ್ಕಿಂತ ಇನ್ನೂ ಕೆಳಗಿರುವಂತೆ ಕಾಣುವುದರಿಂದ ಅದರ ಸುತ್ತುಗೆರೆಗಳೂ ಕೆಳಕ್ಕೇ ಬಾಗುತ್ತವೆ, ಮೇಲಿನವುಗಳಿಗಿಂತ ಹೆಚ್ಚಾಗಿಯೇ. ಆದ್ದರಿಂದ ಬಗ್ಗಿಸದ ಮೂಲ ಲೋಗೊವನ್ನು ತಲೆಕೆಳಗು ಮಾಡಿ, ಪ್ರತಿಬಿಂಬದಲ್ಲಿ ಕಾಣುತ್ತಿದ್ದ ಲೇಬಲ್ಲಿನ ಅಂಚಿಗೆ ಹೊಂದಿಸಿ ಬೇರೆಯಾಗಿಯೇ Warp ಮಾಡಿದೆ.

ಶುಂಠಿ ಮತ್ತು ಏಲಕ್ಕಿ ಬೆಲ್ಲದ ಜಾಡಿಗಳಿಗೂ ಇದೇ ಕಡತ ಸಾಕಾಯಿತು. ಹಬ್ಬದ ಜಾಡಿಗೆ ಮಾತ್ರ ಅವರು ಚಿನ್ನದ ಫಾಯಿಲ್ ಅಚ್ಚಿನ ಲೋಗೊ ಕೇಳಿದರು. ಫಾಯಿಲ್‌ನಲ್ಲಿ ಹೊಳಪು ಲೋಹದ ಬಣ್ಣವನ್ನೇ ಪಡೆಯುತ್ತದೆ, ಪಟ್ಟಿಯ ಹೊರಗಿನ ಚಿನ್ನ ಕೋಣೆಯ ಕತ್ತಲನ್ನು ಪ್ರತಿಫಲಿಸಿ ಬಹುತೇಕ ಕಂದಾಗಿ ಕಾಣುತ್ತದೆ. ಕಂದು ಶಾಯಿಯಿಂದ ಅಳೆದ ಲೆಕ್ಕ ಅಲ್ಲಿ ಉಪಯೋಗಕ್ಕೆ ಬಾರದು. ಅಚ್ಚಿನ ಮನೆಯಿಂದ ಒಂದೇ ಒಂದು ಮಾದರಿ ಲೇಬಲ್ ತರಿಸಿಕೊಡಿ, ಜಾಡಿಗೆ ಅಂಟಿಸಿ ಅದೇ ಕಿಟಕಿಯ ಬಳಿ ಹೊಸದಾಗಿ ಫೋಟೊ ತೆಗೆಯುತ್ತೇನೆ ಎಂದು ಹೇಳಿದೆ.