ಮಳೆಗಾಲದಲ್ಲಿ ಖಾರಾ ಬಿಸ್ಕತ್ತು ಮಾರಿದ್ದು: ನನ್ನ ಅನುಭವ

"ಜೂನ್‌ನಲ್ಲಿ ಖಾರಾ ಬಿಸ್ಕತ್ತಾ? ಅದೂ ಮಣಿಪಾಲಕ್ಕೆ ಬಸ್ಸಲ್ಲಿ?" ಅಂತ ನಕ್ಕದ್ದು ನಮ್ಮ ಬಾವ. ಅವರದ್ದು ಇಪ್ಪತ್ತು ವರ್ಷದ ಬೇಕರಿ, ಹಾಗಾಗಿ ನಗುವ ಹಕ್ಕು ಇತ್ತು. ಬೇಕರಿಯಲ್ಲಿ ಗಾಜಿನ ಭರಣಿಯಿಂದ ತೂಗಿ ಕೊಡ್ತಾರೆ, ಗಿರಾಕಿ ಮನೆಗೆ ಹೋಗಿ ಸಂಜೆ ಚಹಾಕ್ಕೆ ತಿಂದು ಮುಗಿಸ್ತಾನೆ. ನನ್ನದು ಹಾಗಲ್ಲ. ಮಂಗಳೂರಿನ ಉರ್ವದ ನನ್ನ ಅಡುಗೆಮನೆಯಲ್ಲಿ ಬುಧವಾರ ಬೆಂದದ್ದು ಮಣಿಪಾಲದ ಹಾಸ್ಟೆಲ್ ಹುಡುಗಿಯ ಕೋಣೆಯಲ್ಲಿ ಮುಂದಿನ ಬುಧವಾರವೂ ಟಕ್ ಅಂತ ಮುರಿಯಬೇಕು. ಮೊದಲ ಮಳೆಗಾಲದಲ್ಲಿ ಅದು ಆಗಲೇ ಇಲ್ಲ. ಎರಡನೆಯದರಲ್ಲಿ ಆಯಿತು. ಈಗ ಮೂರನೆಯದು ನಡೀತಾ ಉಂಟು, ಅದಕ್ಕೇ ಬರೀತಿದ್ದೇನೆ.

ಬೇಕಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಓದುವವರಿಗೆ ಓಟಿಜಿ ಹೊಸದಲ್ಲ. ಒಂದೇ ಮಾತು: ಬಣ್ಣ ಬಂತು ಅಂತ ಟ್ರೇ ಹೊರಗೆ ತೆಗೆದರೆ ಊರಿನ ಮಳೆಗಾಲಕ್ಕೆ ಅದು ಸಾಲದು. ನಾನು ಪೂರ್ತಿ ಆರಿಸಿ, ಮತ್ತೆ ನೂರು ನೂರಹತ್ತು ಡಿಗ್ರಿಯಲ್ಲಿ ಕಾಲು ಗಂಟೆ ಒಣಗಿಸುತ್ತೇನೆ. ಹಸಿಮೆಣಸು, ಕರಿಬೇವು, ಶುಂಠಿ ಹಾಕಿದ ಹಿಟ್ಟಲ್ಲವಾ, ನಡುವಿನಲ್ಲಿ ಸ್ವಲ್ಪ ನೀರು ಉಳಿದೇ ಇರ್ತದೆ. ಹಿಟ್ಟಿಗೆ ಇನ್ನೊಂದು ವಸ್ತು ಒಂದು ಚಮಚ ಹಾಕ್ತೇನೆ, ಅದನ್ನು ಅತ್ತೆಗೇ ಹೇಳಿಲ್ಲ, ಇಲ್ಲಿ ಹೇಳ್ತೇನಾ!

ಮೊದಲ ವರ್ಷ ನಾನು ತಪ್ಪಿದ್ದು ಪ್ಯಾಕಿಂಗ್‌ನಲ್ಲಿ. ಚಂದ ಕಾಣಲಿ ಅಂತ ಜಿಪ್ ಇರುವ, ಮುಂದೆ ಕಿಟಕಿ ಇರುವ ನಿಲ್ಲುವ ಪೌಚ್ ತಂದೆ. ಜಿಪ್ ಒತ್ತಿ ಕೊಟ್ಟೆ. ನಾಲ್ಕನೇ ದಿನಕ್ಕೆ ಫೋನು: "ಅಕ್ಕ, ರುಚಿ ಒಳ್ಳೇದುಂಟು, ಆದರೆ ಮೆತ್ತಗೆ ಚಪಾತಿಯ ಹಾಗೆ ಆಗಿದೆ." ಹದಿನೆಂಟು ಪ್ಯಾಕೆಟಿನ ಹಣ ವಾಪಸ್. ಜಿಪ್ ಇರುವುದು ಬಿಚ್ಚಿದ ಮೇಲೆ ಮುಚ್ಚಲಿಕ್ಕೆ. ಗಾಳಿ ತಡೆಯುವುದು ಅದರ ಮೇಲಿನ ಶಾಖದ ಸೀಲು. ಸೀಲ್ ಮೆಷಿನ್ ತಗೊಂಡೆ. ಆದರೂ ಹತ್ತರಲ್ಲಿ ಎರಡು ಮೆತ್ತಗೆ.

ಕಾರಣ ಸಿಕ್ಕಿದ್ದು ಬಾಲ್ದಿಯಲ್ಲಿ. ಸೀಲ್ ಮಾಡಿದ ಪ್ಯಾಕೆಟನ್ನು ನೀರಿನಲ್ಲಿ ಮುಳುಗಿಸಿ ಮೆಲ್ಲಗೆ ಒತ್ತಿ ನೋಡಿದೆ, ಬಾಯಿಯ ಒಂದು ಮೂಲೆಯಿಂದ ಗುಳ್ಳೆ ಬಂತು. ಬಿಚ್ಚಿದರೆ ಸೀಲಿನ ಜಾಗದಲ್ಲಿ ಬಿಸ್ಕತ್ತಿನ ಹುಡಿ, ಬೆಣ್ಣೆಯ ಜಿಡ್ಡು. ತುಂಬುವಾಗ ಬಾಯಿಗೆ ತಾಗಿದ್ದು. ಆ ಹುಡಿಯ ಪಕ್ಕದಲ್ಲೇ ಕೂದಲಿನಷ್ಟು ಸಂದು ಉಳಿಯುತ್ತದೆ. ಈಗ ದಪ್ಪ ಕಾಗದವನ್ನು ಆಲಿಕೆಯ ಹಾಗೆ ಸುತ್ತಿ ಪೌಚಿನ ಒಳಗೆ ಇಳಿಸಿ, ಅದರೊಳಗಿಂದ ಬಿಸ್ಕತ್ತು ಬಿಡ್ತೇನೆ. ಬಾಯಿ ಒರೆಸಿ, ಒಂದು ಬೆರಳಿನ ಅಂತರದಲ್ಲಿ ಎರಡು ಸೀಲು. ಪೌಚು ಒಳಗೆ ಬೆಳ್ಳಿ ಬಣ್ಣದ್ದು, ಕಿಟಕಿ ಇಲ್ಲದ್ದು. ಜೊತೆಗೆ ಆಹಾರಕ್ಕೆ ಬಳಸುವ ಸಿಲಿಕಾ ಜೆಲ್ಲಿನ ಸಣ್ಣ ಪೊಟ್ಟಣ. ಆಮ್ಲಜನಕ ಹೀರುವ ಪೊಟ್ಟಣವೂ ತಂದು ನೋಡಿದ್ದೆ. ಅದು ಎಣ್ಣೆ ಕಮಟುವುದಕ್ಕೆ ಮದ್ದು, ಗರಿಗರಿಗೆ ಅಲ್ಲ. ಇನ್ನೂರು ರೂಪಾಯಿ ಹೋಯಿತು.

ಪ್ರತಿ ಬ್ಯಾಚಿನಿಂದ ಒಂದು ಪ್ಯಾಕೆಟ್ ಮನೆಯಲ್ಲೇ ಇಡ್ತೇನೆ, ಸೀಲ್ ಮಾಡಿದ ದಿನದ ತೂಕ ಪೆನ್ನಿನಲ್ಲಿ ಬರೆದು. ಹದಿನೈದು ದಿನ ಬಿಟ್ಟು ಅದೇ ತಕ್ಕಡಿಯಲ್ಲಿ ತೂಗುವುದು. ತೂಕ ಏರಿದರೆ ಏರಿದ್ದು ನೀರು. ಕಾಲು ಕಿಲೋ ಪ್ಯಾಕೆಟಿನಲ್ಲಿ ಒಂದು ಗ್ರಾಂ ಆಚೀಚೆ ತಕ್ಕಡಿಯದ್ದೇ ಆಟ ಇರಬಹುದು. ನಾಲ್ಕೈದು ಗ್ರಾಂ ಏರಿದ್ದರೆ ಬಿಚ್ಚಿ ನೋಡುವ ಅಗತ್ಯವೇ ಇಲ್ಲ.

ಪ್ಯಾಕಿಂಗ್ ಮಾಡುವುದು ಮಲಗುವ ಕೋಣೆಯಲ್ಲಿ, ಎಸಿ ಹಾಕಿ. ಅಡುಗೆಮನೆಯ ಗಾಳಿಯಲ್ಲಿ ತುಂಬಿದರೆ ಆ ಹಸಿ ಗಾಳಿಯನ್ನೇ ಒಳಗಿಟ್ಟು ಸೀಲ್ ಮಾಡಿದ ಹಾಗೆ. ಇದರಲ್ಲೂ ಒಂದು ಪೆಟ್ಟು ತಿಂದೆ. ತಂಪು ಕೋಣೆಯಿಂದ ಪ್ಯಾಕೆಟ್ ಜಗಲಿಗೆ ತಂದಿಟ್ಟರೆ ಮೇಲೆಲ್ಲ ಬೆವರಿತು, ಮನೆಯ ಇಂಕ್ ಪ್ರಿಂಟರಿನಲ್ಲಿ ಮಾಡಿದ ಲೇಬಲ್ ಕದಡಿ ತಯಾರಿಸಿದ ದಿನಾಂಕವೇ ಮಾಯ. ಎಫ್‌ಎಸ್‌ಎಸ್‌ಎಐ ನೋಂದಣಿಯ ಹದಿನಾಲ್ಕು ಅಂಕೆಯಲ್ಲಿ ಅರ್ಧ ಓದಲಿಕ್ಕಾಗದು. ಈಗ ಲೇಬಲ್ ಅಂಗಡಿಯಲ್ಲಿ ಲೇಸರ್ ಪ್ರಿಂಟ್, ದಿನಾಂಕ ಮಾತ್ರ ಅಳಿಸದ ಮಾರ್ಕರಿನಲ್ಲಿ ನನ್ನ ಕೈಬರಹ.

ನಡುವೆ ಪರಿಸರದ ಹುಚ್ಚು ಹಿಡಿದು ಅಡಿಕೆ ಹಾಳೆಯ ಬಟ್ಟಲಿಗೆ ಮುಚ್ಚಳ ಹಾಕಿ ಕೊಟ್ಟದ್ದೂ ಉಂಟು. ಫೋಟೋ ಏನು ಚಂದ ಮಾರಾಯ್ರೆ! ಇನ್‌ಸ್ಟಾಗ್ರಾಂನಲ್ಲಿ ನನ್ನ ಅತಿ ಹೆಚ್ಚು ಲೈಕಿನ ಫೋಟೋ ಈಗಲೂ ಅದೇ. ಹಾಳೆ ನೀರನ್ನು ಹೀರಿ ಬಿಸ್ಕತ್ತಿಗೆ ದಾಟಿಸಿತು, ವಾರದಲ್ಲಿ ಬಟ್ಟಲಿಗೆ ಬೂಸರು. ಬೇಸಗೆಯಲ್ಲಿ ಕೈಯಿಂದ ಕೈಗೆ ಕೊಡುವುದಾದರೆ ಆದೀತು.

ಇನ್ನು ಆರ್ಡರಿನ ಕಥೆ. ಮೊದಲು ವಾಟ್ಸಾಪ್ ಗುಂಪು ಮಾಡಿದ್ದೆ. ಬೆಳಿಗ್ಗೆ ಶುಭೋದಯ, ಮಧ್ಯಾಹ್ನ ಯಾರದ್ದೋ ಸೈಟ್ ಮಾರಾಟ, ಅದರ ನಡುವೆ "ನನಗೆರಡು ಇಡಿ." ಯಾರಿಗೆ, ಯಾವಾಗ, ಎಲ್ಲಿಗೆ? ಒಬ್ಬರು ಮೆತ್ತಗಾಗಿದೆ ಅಂದರೆ ತಿನ್ನದವರೂ "ಹೌದಾ" ಅಂತಾರೆ. ಗುಂಪು ಮುಚ್ಚಿ ವಾಟ್ಸಾಪ್ ಬಿಸಿನೆಸ್‌ಗೆ ಬಂದು ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದೆ. ಅದರಲ್ಲಿ ನನ್ನ ನಂಬರ್ ಸೇವ್ ಮಾಡಿದವರಿಗೆ ಮಾತ್ರ ಮೆಸೇಜು ಹೋಗುವುದು. ನೂರೆಂಬತ್ತು ಜನರ ಲಿಸ್ಟಿನಿಂದ ಹದಿನೈದು ಜನರೂ ಉತ್ತರಿಸದೆ ಇದ್ದಾಗಲೇ ನನಗೆ ಅದು ತಲೆಗೆ ಹೋದದ್ದು. ಈಗ ಹೊಸ ಗಿರಾಕಿಗೆ ಮೊದಲ ಮಾತೇ "ನಂಬರ್ ಸೇವ್ ಮಾಡಿಕೊಳ್ಳಿ, ಇಲ್ಲದಿದ್ದರೆ ಸೋಮವಾರದ ಪಟ್ಟಿ ಬರುವುದಿಲ್ಲ."

ಇನ್‌ಸ್ಟಾಗ್ರಾಂ ಪುಟದಿಂದ ಬರುವವರಿಗೆ ಬಯೋದಲ್ಲಿ ಈ ಲಿಂಕ್ ಇಟ್ಟಿದ್ದೇನೆ:

```
https://wa.me/91XXXXXXXXXX?text=KB250%20x%20__%20Stop:%20__
```

X ಇರುವಲ್ಲಿ ನನ್ನ ನಂಬರ್, KB250 ಅಂದರೆ ಕಾಲು ಕಿಲೋ ಖಾರಾ ಬಿಸ್ಕತ್ತು. ಒತ್ತಿದರೆ ವಾಟ್ಸಾಪಿನಲ್ಲಿ ಮೆಸೇಜು ತಯಾರಾಗಿ ನಿಲ್ಲುತ್ತದೆ, ಎಷ್ಟು ಪ್ಯಾಕೆಟ್, ಯಾವ ಸ್ಟಾಪ್ ಅಂತ ತುಂಬಿಸಿದರೆ ಸಾಕು. ವಾಯ್ಸ್ ಮೆಸೇಜು ಅರ್ಧಕ್ಕರ್ಧ ಕಡಿಮೆಯಾಯಿತು. ಹಣ ಬಂದವರ ಚಾಟಿಗೆ ಲೇಬಲ್ ಹಾಕ್ತೇನೆ, ಲೇಬಲ್ ಇಲ್ಲದ ಆರ್ಡರ್ ಆರ್ಡರೇ ಅಲ್ಲ. ಒಮ್ಮೆ ಹಳೆಯ ಸ್ಕ್ರೀನ್‌ಶಾಟ್ ನೋಡಿಯೇ ಐದು ಪ್ಯಾಕೆಟ್ ಕೊಟ್ಟು ಕೂತವಳು ನಾನು, ಹಾಗಾಗಿ ಬ್ಯಾಂಕಿನ ಮೆಸೇಜು ಬಂದ ಮೇಲೆಯೇ ಲೇಬಲ್. ಮಂಗಳವಾರ ರಾತ್ರಿ ಒಂಬತ್ತಕ್ಕೆ ಬಂದ್. ಬುಧ, ಗುರು ಬೇಕಿಂಗ್, ಶುಕ್ರ ಡೆಲಿವರಿ. ಪ್ರತಿದಿನ ಕೇಳಿದಾಗ ಮಾಡಿಕೊಡುತ್ತಿದ್ದ ಕಾಲದಲ್ಲಿ ಅರ್ಧ ಟ್ರೇಗೆಲ್ಲ ಓವನ್ ಕಾಯಿಸುತ್ತಿದ್ದೆ.

ದರದ ವಿಷಯಕ್ಕೆ ಬರ್ತೇನೆ, ನಾಚಿಕೆಯಾದರೂ. ಆಗ ಕಾಲು ಕಿಲೋಗೆ 110 ರೂಪಾಯಿ, ಮೂರು ಪ್ಯಾಕೆಟ್ ತಗೊಂಡರೆ ಡೆಲಿವರಿ ಫ್ರೀ. ಒಂದು ಬ್ಯಾಚಿಗೆ ಒಂದು ಕಿಲೋ ಮೈದಾ 50, ಅರ್ಧ ಕಿಲೋ ಬೆಣ್ಣೆ ಸುಮಾರು 290, ಸಕ್ಕರೆ ಮೊಸರು ಮೆಣಸು ಎಲ್ಲ ಸೇರಿ 60, ಕರೆಂಟು 25. ಒಟ್ಟು 425. ಬೆಂದು ಒಣಗಿದ ಮೇಲೆ ಒಂದೂವರೆ ಕಿಲೋ, ಅಂದರೆ ಆರು ಪ್ಯಾಕೆಟ್ ಅಂತ ನನ್ನ ಲೆಕ್ಕ. ಮುರಿದದ್ದು, ಮಕ್ಕಳು ತಿಂದದ್ದು, ಪರೀಕ್ಷೆಗೆ ಇಟ್ಟದ್ದು ಕಳೆದರೆ ಮಾರಲಿಕ್ಕೆ ಸಿಗುವುದು ಐದು. ಒಂದಕ್ಕೆ 85. ಪೌಚು, ಲೇಬಲ್, ಸಿಲಿಕಾ 11. ಅಲ್ಲಿಗೆ 96, ಉಳಿಯುವುದು 14. ಮೂರಕ್ಕೆ 42 ಉಳಿಸಿ, ಡೆಲಿವರಿ ಹುಡುಗನಿಗೆ 50 ಕೊಟ್ಟು ಕೈಮುಗಿಯುತ್ತಿದ್ದೆ! ಹೆಚ್ಚು ಮಾರಿದಷ್ಟು ಹೆಚ್ಚು ನಷ್ಟ. ನನ್ನ ಕೂಲಿ ಇದರಲ್ಲಿ ಎಲ್ಲಿಯೂ ಇಲ್ಲ. ಎಂಟು ತಿಂಗಳು ಹೀಗೇ ನಡೆಸಿದೆ, "ವ್ಯಾಪಾರ ಜೋರುಂಟು" ಅಂತ ಎಲ್ಲರಿಗೆ ಹೇಳಿಕೊಂಡು.

160 ಮಾಡಿದೆ, ಡೆಲಿವರಿ ಬೇರೆ. ಬಾವ ಮತ್ತೆ ನಕ್ಕರು. ಎಪ್ಪತ್ತು ಗಿರಾಕಿಗಳಲ್ಲಿ ಇಪ್ಪತ್ತರಷ್ಟು ಜನ ಹೋದರು. ಉಳಿದವರು ಎರಡು ತಗೊಳ್ಳುವಲ್ಲಿ ಎರಡೇ ತಗೊಂಡರು. ಈಗ ವಾರಕ್ಕೆ ನಲವತ್ತರಿಂದ ನಲವತ್ತನಾಲ್ಕು ಪ್ಯಾಕೆಟ್, ಅಷ್ಟಾದ ಕೂಡಲೇ ಸ್ಟೇಟಸ್ಸಿನಲ್ಲಿ "ಮುಗಿಯಿತು." ಪ್ಯಾಕೆಟಿಗೆ 64 ಉಳಿದರೆ ವಾರಕ್ಕೆ ಎರಡೂವರೆ ಸಾವಿರ ದಾಟುತ್ತದೆ. ಎರಡು ದಿನದ ಕೂಲಿ ಅಂತ ಇಟ್ಟುಕೊಂಡರೆ ಅಡ್ಡಿಯಿಲ್ಲ.

ಮುರಿದ ಚೂರುಗಳನ್ನು ಚುರುಮುರಿಗೆ ಹಾಕಲು ಅಂತ ಅಗ್ಗಕ್ಕೆ ಬೇರೆ ಪ್ಯಾಕೆಟ್ ಮಾಡಿ ಮಾರಿದ್ದೆ. ಎರಡು ವಾರದಲ್ಲಿ ಇಡೀ ಬಿಸ್ಕತ್ತು ತಗೊಳ್ಳುತ್ತಿದ್ದವರೇ "ಚೂರು ಉಂಟಾ ಅಕ್ಕ?" ಅಂತ ಕೇಳಲು ಶುರು. ನಿಲ್ಲಿಸಿದೆ. ಚೂರು ಈಗ ಮನೆಗೆ ಮತ್ತು ನಮ್ಮ ರಿಕ್ಷಾದವರಿಗೆ.

ಆ ರಿಕ್ಷಾದವರೇ ನನ್ನ ಊರೊಳಗಿನ ಡೆಲಿವರಿ ಪಾರ್ಟ್‌ನರ್. ಊಟದ ಆ್ಯಪ್‌ನಲ್ಲಿ ಸೇರಲು ವಿಚಾರಿಸಿದ್ದೆ, ಬಿಲ್ಲಿನ ಕಾಲು ಭಾಗದಷ್ಟು ಕಮಿಷನ್ ಅಂದರು. 160ರಲ್ಲಿ 40 ಹೋಗುತ್ತದೆ. ಅದು ಬಿಸಿ ಊಟಕ್ಕೆ, ಎರಡು ವಾರ ಇಡುವ ಬಿಸ್ಕತ್ತಿಗೆ ಅಲ್ಲ. ಬೈಕ್ ಪಾರ್ಸೆಲ್ ಆ್ಯಪ್ ಬಿಸಿಲಿದ್ದರೆ ಸರಿ, ಮಳೆ ಜೋರಾದ ಕೂಡಲೇ ದರ ಏರುತ್ತದೆ ಅಥವಾ ಹುಡುಗನೇ ಸಿಗುವುದಿಲ್ಲ. ಹಾಗಾಗಿ ಶುಕ್ರವಾರ ಬೆಳಿಗ್ಗೆ ಹನ್ನೊಂದರಿಂದ ಒಂದರವರೆಗೆ ರಿಕ್ಷಾ ನನ್ನದು, 350 ರೂಪಾಯಿ. ಉರ್ವದಿಂದ ಮಣ್ಣಗುಡ್ಡೆ, ಲಾಲ್‌ಬಾಗ್, ಬಿಜೈ, ಕದ್ರಿ, ಒಂದೇ ಸುತ್ತು. ಹನ್ನೆರಡು ಮನೆ ಇದ್ದರೆ ಒಂದಕ್ಕೆ 30 ತಗೊಳ್ತೇನೆ, ಸರಿಹೋಗುತ್ತದೆ. ಹನ್ನೆರಡಕ್ಕಿಂತ ಕಡಿಮೆಯಾದ ವಾರ ಕೈಯಿಂದ ಹಾಕುವುದು.

ಉಡುಪಿ ಕಡೆಗೆ ಎಕ್ಸ್‌ಪ್ರೆಸ್ ಬಸ್ಸು. ಕಂಡಕ್ಟರ್ ಕೈಗೆ ಕೊಟ್ಟರೆ ಒಂದೂವರೆ ಗಂಟೆ ಆಚೀಚೆಯಲ್ಲಿ ಉಡುಪಿ. ಮೊದಲ ಬಾರಿ ಏನಾಯಿತೆಂದರೆ, ಕಾಪುವಿನ ಒಬ್ಬರು ಸ್ಟಾಪಿಗೆ ಬರಲೇ ಇಲ್ಲ, ಬಸ್ಸು ಮಣಿಪಾಲಕ್ಕೆ ಹೋಗಿ ತಿರುಗಿ ಬಂತು. ಪ್ಯಾಕೆಟ್ ಇಂಜಿನ್ನಿನ ಬಾನೆಟ್ಟಿನ ಮೇಲೆ ಕೂತು ಬಂದದ್ದರಿಂದ ಬೆಣ್ಣೆ ಕರಗಿ ಪೌಚಿನೊಳಗೆ ಎಣ್ಣೆ. ಈಗ ಒಂದೊಂದು ಸ್ಟಾಪಿಗೆ ಒಂದೇ ಚೀಲ, ಮೇಲೆ ಸ್ಟಾಪಿನ ಹೆಸರು ಮತ್ತು ತಗೊಳ್ಳುವ ಒಬ್ಬರ ನಂಬರ್. ಕೊಟ್ಟಾರ ಚೌಕಿಯಲ್ಲಿ ಹತ್ತಿಸಿದ ಕೂಡಲೇ ಬಸ್ಸಿನ ಮುಂದಿನ ಬೋರ್ಡಿನ ಫೋಟೋ ತೆಗೆದು ಅವರಿಗೆ ವಾಟ್ಸಾಪ್. ಸುರತ್ಕಲ್ ದಾಟುವ ಹೊತ್ತಿಗೆ ಅವರ "ಓಕೆ" ಬರದಿದ್ದರೆ ಫೋನು. ಕಂಡಕ್ಟರಿಗೆ ಚೀಲಕ್ಕೆ ಮೂವತ್ತು, ಬಾನೆಟ್ಟಿನ ಮೇಲೆ ಇಡಬೇಡಿ ಅನ್ನುವ ಮಾತು ಪ್ರತಿ ಸಲ. ಯಾವ ಬಸ್ಸು, ಎಷ್ಟು ಗಂಟೆಯದ್ದು ಅಂತ ಕೇಳಬೇಡಿ, ಆ ಕಂಡಕ್ಟರ್ ನನಗೇ ಇರಲಿ.

ಸೋತದ್ದು ದೂರದ ಊರಿಗೆ. ಬಿಸ್ಕತ್ತು ಮುರಿಯುವ ಶಬ್ದದ ರೀಲ್ ಒಂದು ಓಡಿ ಮುಂಬೈಯಿಂದ, ಬೆಂಗಳೂರಿನಿಂದ ಒಟ್ಟಿಗೆ ಇಪ್ಪತ್ತು ಆರ್ಡರ್ ಬಂತು. ಮುರಿಯಬಾರದು ಅಂತ ದೊಡ್ಡ ಪೆಟ್ಟಿಗೆಯಲ್ಲಿ ಸುತ್ತ ಕಾಗದ ತುರುಕಿ ಕೊರಿಯರಿಗೆ ಒಯ್ದರೆ, ಅವರು ತೂಕ ನೋಡದೆ ಟೇಪು ಹಿಡಿದರು. ಮೂವತ್ತು, ಇಪ್ಪತ್ತೈದು, ಇಪ್ಪತ್ತು ಸೆಂಟಿಮೀಟರ್ ಗುಣಿಸಿ ಐದು ಸಾವಿರದಿಂದ ಭಾಗಿಸಿದರೆ ಮೂರು. ಒಳಗಿದ್ದದ್ದು ಒಂದೂವರೆ ಕಿಲೋ, ಬಿಲ್ಲು ಮೂರು ಕಿಲೋಗೆ. ಸಣ್ಣ ಪೆಟ್ಟಿಗೆಯಲ್ಲಿ ಕಳಿಸಿದರೆ ಆರರಲ್ಲಿ ಎರಡು ಪ್ಯಾಕೆಟ್ ಹುಡಿ. ಬೆಂಗಳೂರಿಗೆ ರಾತ್ರಿ ಬಸ್ಸಿನ ಪಾರ್ಸೆಲ್ಲಿನಲ್ಲಿ ಹೇಗೋ ಆಗುತ್ತದೆ, ಗಿರಾಕಿ ಬೆಳಿಗ್ಗೆ ಹೋಗಿ ತಗೊಳ್ಳಲು ಒಪ್ಪಿದರೆ. ಮುಂಬೈಯವರಿಗೆ ಈಗ ಹೇಳುವುದು, ಊರಿಂದ ಯಾರಾದರೂ ಬರುವವರಿದ್ದರೆ ಶುಕ್ರವಾರ ಮಧ್ಯಾಹ್ನದೊಳಗೆ ಮನೆಗೆ ಕಳಿಸಿ ಅಂತ. ಹೋದ ತಿಂಗಳು ಹಾಗೆ ಒಬ್ಬರ ಸೂಟ್‌ಕೇಸಿನಲ್ಲಿ ಹನ್ನೊಂದು ಪ್ಯಾಕೆಟ್ ಹೋಯಿತು, ಸೀರೆಗಳ ನಡುವೆ. ಒಂದೂ ಮುರಿದಿರಲಿಲ್ಲ.