ಟ್ಯಾಗ್ ಸಾಲಿನ ಕೊನೆಗೆ, ಕಾರಣ ಲಿಂಕಿನ ಪಕ್ಕಕ್ಕೆ: ಕಾನೂನು ಪರೀಕ್ಷೆಗೆ ಟಿಪ್ಪಣಿ ಜೋಡಿಸಿದ ನನ್ನ ಅನುಭವ

ಹಗಲು ಮುಂಬೈಯ ಫೋರ್ಟ್‌ನ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಿಕೊಂಡ ನನಗೆ, ಓದಲು ನಿಶ್ಚಿತವಾಗಿ ಸಿಗುತ್ತಿದ್ದ ಸಮಯವೆಂದರೆ ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಹೋಗಿಬರುವ ಲೋಕಲ್ ರೈಲಿನ ಪ್ರಯಾಣ ಮಾತ್ರ. ಪುಸ್ತಕ ಬಿಡಿಸಲು ಮೊಣಕೈಗೂ ಜಾಗವಿರದ ಆ ಡಬ್ಬಿಯಲ್ಲಿ ಫೋನೇ ಗತಿಯಾದ್ದರಿಂದ ಟಿಪ್ಪಣಿಗಳನ್ನೆಲ್ಲ ಅಬ್ಸಿಡಿಯನ್ ಎಂಬ ಆ್ಯಪ್‌ನಲ್ಲಿ ಬರೆದಿಡತೊಡಗಿದೆ. ಅದು ಪ್ರತಿ ಟಿಪ್ಪಣಿಯನ್ನೂ ನಮ್ಮದೇ ಸಾಧನದಲ್ಲಿ ಸಾದಾ ಪಠ್ಯದ ಕಡತವಾಗಿ ಇಡುತ್ತದೆ; ಹ್ಯಾಷ್ ಚಿಹ್ನೆ ಹಚ್ಚಿದ ಪದ ಟ್ಯಾಗ್ ಆಗುತ್ತದೆ, ಜೋಡಿ ಚೌಕ ಕಂಸದೊಳಗೆ ಬರೆದ ಹೆಸರು ಆ ಹೆಸರಿನ ಟಿಪ್ಪಣಿಗೆ ಲಿಂಕ್ ಆಗುತ್ತದೆ.

ಮೊದಲ ಸೆಮಿಸ್ಟರಿನಲ್ಲಿ ನಾನು ಮಾಡಿದ ತಪ್ಪು, ವಿಷಯಕ್ಕೊಂದು ಟ್ಯಾಗ್ ಹಚ್ಚುತ್ತ ಹೋದದ್ದು. ಕರಾರು ಕಾಯ್ದೆಯ ಪರೀಕ್ಷೆಯ ಹಿಂದಿನ ರಾತ್ರಿ ಅಪ್ರಾಪ್ತ ವಯಸ್ಕರ ಕರಾರಿನ ಬಗ್ಗೆ ಬರೆದದ್ದೆಲ್ಲವನ್ನೂ ಒಟ್ಟಿಗೆ ನೋಡಲು `#minor` ಒತ್ತಿದರೆ ನಾಲ್ಕೇ ಟಿಪ್ಪಣಿಗಳು ಬಂದವು. ಉಳಿದವು `#minors` ಮತ್ತು `#minor-agreement` ಎಂಬ ಟ್ಯಾಗ್‌ಗಳಡಿ ಚದುರಿಹೋಗಿದ್ದವು. ದೊಡ್ಡಕ್ಷರ, ಸಣ್ಣಕ್ಷರದ ಭೇದವನ್ನು ಆ್ಯಪ್ ಎಣಿಸುವುದಿಲ್ಲವಾದರೂ ಒಂದೇ ಒಂದು ಅಕ್ಷರ ಹೆಚ್ಚಾದರೆ ಅದನ್ನು ಬೇರೆಯದೇ ಟ್ಯಾಗ್ ಎಂದು ಭಾವಿಸುತ್ತದೆ. ರೋಗ ಎಷ್ಟು ಹಬ್ಬಿದೆ ಎಂಬುದನ್ನು ಟ್ಯಾಗ್‌ಗಳ ಪಟ್ಟಿಯೇ ಹೇಳುತ್ತದೆ: ಪ್ರತಿ ಟ್ಯಾಗಿನ ಎದುರು ಅದು ಎಷ್ಟು ಸಲ ಬಂದಿದೆ ಎಂಬ ಸಂಖ್ಯೆ ಇರುತ್ತದೆ, ನನ್ನ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಎದುರು ಇದ್ದದ್ದು 1.

ಎರಡನೆಯ ಸೆಮಿಸ್ಟರಿಗೆ ಮೊದಲು ಆ ಟ್ಯಾಗ್‌ಗಳನ್ನೆಲ್ಲ ಅಳಿಸಿ, ವಿಷಯವನ್ನು ಲಿಂಕಿಗೂ ನನ್ನ ಸ್ಥಿತಿಯನ್ನು ಟ್ಯಾಗಿಗೂ ಹಂಚಿಕೊಟ್ಟೆ. ಈಗ ನನ್ನಲ್ಲಿರುವ ಟ್ಯಾಗ್‌ಗಳು ಮೂರೇ: ಓದಿದ್ದರೂ ಉತ್ತರ ಬರೆಯುವಾಗ ನೆನಪಾಗದಿದ್ದರೆ `#sthiti/marete`, ಓದಿಯೂ ತಿಳಿಯದಿದ್ದರೆ `#sthiti/gottilla`, ಪದಶಃ ಬಾಯಿಪಾಠವಾಗಲೇಬೇಕಾದ ಮಾತಿಗೆ `#sthiti/baayipaatha`. ನಡುವಿನ ಓರೆಗೆರೆಯಿಂದಾಗಿ ಮೂರೂ ಒಂದೇ ಗುಂಪಿಗೆ ಸೇರುತ್ತವೆ; ಬರೀ `#sthiti` ಎಂದು ಹುಡುಕಿದರೂ ಎಲ್ಲವೂ ಬರುತ್ತವೆ.

ಲಿಂಕಿನ ವಿಚಾರದಲ್ಲಿ ನಾನು ಕಂಡುಕೊಂಡದ್ದನ್ನು ಒಂದು ಉದಾಹರಣೆಯಿಂದಲೇ ಹೇಳುತ್ತೇನೆ. 1903ರಲ್ಲಿ, ಬ್ರಿಟಿಷ್ ಆಳ್ವಿಕೆಯ ಕಾಲದ ಅತ್ಯುನ್ನತ ಮೇಲ್ಮನವಿ ನ್ಯಾಯಪೀಠವಾಗಿದ್ದ ಪ್ರಿವಿ ಕೌನ್ಸಿಲ್ ತೀರ್ಮಾನಿಸಿದ ಮೊಹೊರಿ ಬೀಬೀ ಪ್ರಕರಣದಲ್ಲಿ, ಧರ್ಮೋದಾಸ್ ಘೋಷ್ ಎಂಬ ಅಪ್ರಾಪ್ತ ವಯಸ್ಕ ಬಡ್ಡಿ ವ್ಯಾಪಾರಿಯೊಬ್ಬನಿಂದ ಸಾಲ ಪಡೆಯಲು ತನ್ನ ಸ್ವತ್ತನ್ನು ಅಡಮಾನ ಮಾಡಿಕೊಟ್ಟಿದ್ದ. ಹುಡುಗನಿಗೆ ವಯಸ್ಸಾಗಿಲ್ಲವೆಂಬುದು ಸಾಲ ಕೊಡುವವನ ಪರವಾಗಿ ವ್ಯವಹರಿಸುತ್ತಿದ್ದ ವಕೀಲನಿಗೆ ಗೊತ್ತಿತ್ತು. ಇಂಥ ಕರಾರು ಆರಂಭದಿಂದಲೇ ಶೂನ್ಯವೆಂದು ತೀರ್ಪಾಯಿತು. ಈ ಟಿಪ್ಪಣಿಯ ಕೊನೆಯಲ್ಲಿ ನಾನು ಮೊದಲು ‘ಇವನ್ನೂ ನೋಡಿ’ ಎಂದು ಬರೆದು ಐದಾರು ಲಿಂಕುಗಳನ್ನು ಸಾಲಾಗಿ ಪೇರಿಸಿದ್ದೆ. ಈಗ ಅದು ಕೆಳಗಿನಂತಿದೆ. ಇಲ್ಲಿ `S` ಎಂದರೆ ಸೆಕ್ಷನ್; 65ನೆಯದು ಶೂನ್ಯವಾದ ಕರಾರಿನಿಂದ ಪಡೆದದ್ದನ್ನು ಹಿಂದಿರುಗಿಸಬೇಕೆನ್ನುತ್ತದೆ; ಎಸ್ಟಾಪೆಲ್ ಎಂದರೆ ತಾನೇ ನಂಬಿಸಿದ ಮಾತನ್ನು ಆಮೇಲೆ ಅಲ್ಲಗಳೆಯುವಂತಿಲ್ಲ ಎಂಬ ನಿಯಮ:

```
ಕರಾರಿಗೆ ಅರ್ಹನಲ್ಲ, ಆದ್ದರಿಂದ ಕರಾರೇ ಶೂನ್ಯ [[S 11]]
ಹಣ ಹಿಂದಿರುಗಿಸಬೇಕಿಲ್ಲ: ಅರ್ಹ ಪಕ್ಷಗಳಿದ್ದರೆ ಮಾತ್ರ ಅನ್ವಯ [[S 65]] #sthiti/marete
ಎಸ್ಟಾಪೆಲ್ ಇಲ್ಲ: ವಕೀಲನಿಗೆ ನಿಜ ಗೊತ್ತಿತ್ತು [[Estoppel]]
```

ಲಿಂಕ್ ಇರುವ ಸಾಲಿನಲ್ಲಿಯೇ ಸಂಬಂಧದ ಕಾರಣವನ್ನು ಬರೆಯುವುದರ ಪ್ರಯೋಜನ ಈ ಟಿಪ್ಪಣಿಯಲ್ಲಿ ಕಾಣುವುದಿಲ್ಲ, ಆಚೆಯ ತುದಿಯಲ್ಲಿ ಕಾಣುತ್ತದೆ. `S 65` ಎಂಬ ಟಿಪ್ಪಣಿಯನ್ನು ತೆರೆದಾಗ ಬ್ಯಾಕ್‌ಲಿಂಕ್ ಫಲಕವು ಅದಕ್ಕೆ ಎಲ್ಲೆಲ್ಲಿಂದ ಲಿಂಕ್ ಬಂದಿದೆ ಎಂಬುದನ್ನು ಆಯಾ ಸಾಲಿನ ಸಮೇತ ತೋರಿಸುತ್ತದೆ. ‘ಇವನ್ನೂ ನೋಡಿ’ ಎಂದು ಬರೆದಿದ್ದರೆ ಅಲ್ಲಿಯೂ ಅದೇ ಎರಡು ಪದದ ಮಾತು ಕಾಣುತ್ತದೆ. ಕಾರಣ ಬರೆದಿದ್ದರೆ 65ನೆಯ ಸೆಕ್ಷನ್ ಯಾವ ಪ್ರಕರಣದಲ್ಲಿ ಅನ್ವಯಿಸಿತು, ಯಾವುದರಲ್ಲಿ ಏಕೆ ಅನ್ವಯಿಸಲಿಲ್ಲ ಎಂಬ ಪಟ್ಟಿ ನಾನು ಪ್ರತ್ಯೇಕವಾಗಿ ಕೂತು ತಯಾರಿಸದೆಯೇ ಸಿದ್ಧವಾಗಿರುತ್ತದೆ. ಟಿಪ್ಪಣಿಗಳನ್ನು ಚುಕ್ಕಿಗಳಾಗಿ, ಲಿಂಕುಗಳನ್ನು ಗೆರೆಗಳಾಗಿ ತೋರಿಸುವ ಗ್ರಾಫ್ ನೋಟ ಈ ಆ್ಯಪ್‌ನಲ್ಲಿದೆ. ಗೆಳೆಯರಿಗೆ ತೋರಿಸಲು ಅದು ಚೆನ್ನ. ಓದಿಗೆ ಅದರಿಂದ ನನಗೆ ಒಂದು ದಿನವೂ ಉಪಯೋಗವಾಗಲಿಲ್ಲ.

ಇದಕ್ಕೊಂದು ಮಿತಿಯಿದೆ. ಸಿಂಧು ಕರಾರಿನ ಅಂಶಗಳನ್ನೆಲ್ಲ ಹೇಳುವ 10ನೆಯ ಸೆಕ್ಷನ್ನಿಗೆ ಪ್ರತಿ ಟಿಪ್ಪಣಿಯಿಂದಲೂ ಲಿಂಕ್ ಕೊಟ್ಟಿದ್ದರಿಂದ ಅದರ ಬ್ಯಾಕ್‌ಲಿಂಕ್ ಪಟ್ಟಿ ಸಂತೆಯಾಯಿತು. ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯಲಾಗದಿದ್ದರೆ ಆ ಲಿಂಕ್ ಬೇಡವೆಂದು ನಿರ್ಧರಿಸಿ ಬಹುಪಾಲನ್ನು ತೆಗೆದೆ.

ಟ್ಯಾಗನ್ನು ಟಿಪ್ಪಣಿಯ ನೆತ್ತಿಯ ಮೇಲೆ ಹಚ್ಚದೆ, ಮರೆತುಹೋದ ಸಾಲಿನ ಕೊನೆಯಲ್ಲಿಯೇ ಹಚ್ಚಿರುವುದನ್ನು ಮೇಲಿನ ಉದಾಹರಣೆಯಲ್ಲಿ ಗಮನಿಸಿರಬಹುದು. ನೆತ್ತಿಯಲ್ಲಿದ್ದರೆ ಹುಡುಕಿದಾಗ ಟಿಪ್ಪಣಿಯ ಹೆಸರೂ ಟ್ಯಾಗೂ ಮಾತ್ರ ಕಾಣುತ್ತವೆ, ಇಡೀ ಟಿಪ್ಪಣಿಯನ್ನು ಮತ್ತೆ ಓದಬೇಕಾಗುತ್ತದೆ. ಸಾಲಿನಲ್ಲಿದ್ದರೆ ಆ ಸಾಲೇ ಎದುರಿಗೆ ಬರುತ್ತದೆ. ಇದಕ್ಕಾಗಿ ‘ನಾಳೆ’ ಎಂಬ ಹೆಸರಿನ ಟಿಪ್ಪಣಿಯೊಂದರಲ್ಲಿ, ಅಂಥ ಸಾಲುಗಳನ್ನು ತಾನಾಗಿ ಹುಡುಕಿ ತೋರಿಸುವ ಈ ತುಣುಕನ್ನು ಇಟ್ಟುಕೊಂಡಿದ್ದೇನೆ. `Contract` ಎಂಬುದು ಆ ವಿಷಯದ ಫೋಲ್ಡರಿನ ಹೆಸರು:

````
```query
tag:#sthiti/marete path:Contract
```
````

ರೈಲಿನಲ್ಲಿ ತೆರೆಯುವುದು ಇದೊಂದನ್ನೇ. ಆದರೆ ಲಿಂಕ್ ಒತ್ತುತ್ತ ಒಂದರಿಂದ ಇನ್ನೊಂದಕ್ಕೆ ಜಾರುವುದು ಓದಿದಂತೆ ಭಾಸವಾಗುವ ಮೋಸ. ಠಾಣೆಯಿಂದ ದಾದರ್‌ವರೆಗೆ ಹೀಗೆ ಜಾರಿದ ಮೇಲೆ ಒಂದು ಪ್ರಕರಣದ ಹೆಸರೂ ಬಾಯಿಗೆ ಬಾರದೆ ಹೋದ ದಿನಗಳಿವೆ. ಹಾಗಾಗಿ ಸೆಕ್ಷನ್ನಿನ ಟಿಪ್ಪಣಿಯನ್ನು ತೆರೆಯುವ ಮೊದಲು, ಇದಕ್ಕೆ ಯಾವ ಯಾವ ಪ್ರಕರಣಗಳಿಂದ ಲಿಂಕ್ ಬಂದಿರಬೇಕು, ಏಕೆ ಬಂದಿರಬೇಕು ಎಂದು ಮನಸ್ಸಿನಲ್ಲೇ ಹೇಳಿಕೊಂಡು, ಆಮೇಲೆ ಬ್ಯಾಕ್‌ಲಿಂಕ್ ಫಲಕವನ್ನು ನೋಡುತ್ತೇನೆ. ತಪ್ಪಿದ ಸಾಲಿಗೆ `#sthiti/marete` ಬೀಳುತ್ತದೆ. ಅದನ್ನು ತೆಗೆಯುವುದು ಬೇರೆ ಬೇರೆ ಎರಡು ದಿನ ಕಾಗದದ ಮೇಲೆ ನೋಡದೆ ಸರಿಯಾಗಿ ಬರೆದ ಮೇಲೆಯೇ. ಒಂದೇ ಸಲಕ್ಕೆ ತೆಗೆದುಬಿಟ್ಟವುಗಳಲ್ಲಿ ಬಹಳಷ್ಟು ವಾರದೊಳಗೆ ಮರಳಿ ಬಂದಿದ್ದವು.

ಭಾಷೆಯ ತೊಡಕೂ ಒಂದಿತ್ತು. ನಾನು ಯೋಚಿಸುವುದು ಕನ್ನಡದಲ್ಲಿ, ಉತ್ತರ ಬರೆಯುವುದು ಇಂಗ್ಲಿಷಿನಲ್ಲಿ, ಸಹಪಾಠಿಗಳೊಡನೆ ಚರ್ಚಿಸುವುದು ಮರಾಠಿಯಲ್ಲಿ. ಮರಾಠಿಯ ಕಾನೂನು ಬರಹದಲ್ಲಿ ಅಪ್ರಾಪ್ತ ವಯಸ್ಕನನ್ನು ‘ಅಜ್ಞಾನ’ ಎನ್ನುತ್ತಾರೆ. ಮೊದಲ ಸಲ ಕೇಳಿದಾಗ ಯಾರನ್ನೋ ಬೈಯುತ್ತಿದ್ದಾರೆಂದೇ ತಿಳಿದಿದ್ದೆ. ಟಿಪ್ಪಣಿಯ ತಲೆಭಾಗದಲ್ಲಿ ಪರ್ಯಾಯ ಹೆಸರುಗಳನ್ನು ಬರೆದಿಟ್ಟರೆ, ಲಿಂಕ್ ಕೊಡುವಾಗ ಯಾವ ಹೆಸರನ್ನು ಟೈಪ್ ಮಾಡಿದರೂ ಆ್ಯಪ್ ಅದೇ ಟಿಪ್ಪಣಿಯನ್ನು ಸೂಚಿಸುತ್ತದೆ:

```
---
aliases: [Minor, ಅಪ್ರಾಪ್ತ, ಅಜ್ಞಾನ]
---
```

ಮೂರು ಟ್ಯಾಗ್‌ಗಳು ಮಾಡಬೇಕೆಂದು ನಾನು ಹಿಂದೆ ಬಯಸಿದ್ದ ಕೆಲಸ ಈ ಒಂದು ಸಾಲಿನಿಂದ ಆಗುತ್ತದೆ.

ಅಪರಾಧ ಕಾನೂನಿಗೆ ಬಂದಾಗ ಕಡತಗಳಿಗೆ ಹೆಸರಿಡುವ ಪದ್ಧತಿಯನ್ನು ಬದಲಿಸಬೇಕಾಯಿತು. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು, ಕೊಲೆಗೆ ಶಿಕ್ಷೆ ಹೇಳುವ 302 ಈಗ 103 ಆಗಿದೆ. ಹಳೆಯ ತೀರ್ಪುಗಳಲ್ಲಿ ಮಾತ್ರ ಹಳೆಯ ಸಂಖ್ಯೆಯೇ ಇದೆ. ಕಡತದ ಹೆಸರು ಬದಲಿಸಿದರೆ ಆ್ಯಪ್ ಲಿಂಕುಗಳನ್ನು ತಾನಾಗಿ ಸರಿಪಡಿಸುತ್ತದೆ, ಆದರೆ ವಾಕ್ಯದೊಳಗೆ ನಾನು ಬರೆದ ಸಂಖ್ಯೆಗಳು ಹಾಗೆಯೇ ಉಳಿಯುತ್ತವೆ. ಆದ್ದರಿಂದ ಇಲ್ಲಿ ಟಿಪ್ಪಣಿಯ ಹೆಸರು `Murder`. `IPC 302`, `BNS 103` ಎರಡೂ ಪರ್ಯಾಯ ಹೆಸರುಗಳು. ಕರಾರು ಕಾಯ್ದೆಯದು 1872ರಿಂದ ಬಂದ ಸಂಖ್ಯೆಗಳಾದ್ದರಿಂದ ಅಲ್ಲಿ `S 65` ಎಂಬುದು ಇನ್ನೂ ಹಾಗೆಯೇ ಇದೆ.