ಕೈ ಕೊಟ್ಟ ಮಾತಿಗೆ ಸಬ್‌ಟೈಟಲ್ ಬರೆಯೋದು: ನನ್ನ ಅನುಭವ

ನಮ್ಮದು ಮಂಡ್ಯ, ಈಗಿರೋದು ಮೈಸೂರು. ಕನ್ನಡ ಸಿನಿಮಾಗಳಿಗೆ ಇಂಗ್ಲಿಷ್ ಸಬ್‌ಟೈಟಲ್ ಬರೆಯೋದು ನನ್ನ ಕೆಲಸ. ಎರಡರ್ಥದ ಮಾತು ಅಂದ ತಕ್ಷಣ ಜನ ಪೋಲಿ ಮಾತು ಅಂದ್ಕೊಳ್ತಾರೆ. ನನಗೆ ನಿದ್ದೆಗೆಡಿಸೋದು ಅವಲ್ಲ. ಮನೆಮಂದಿ ಜೊತೆ ಕೂತು ನೋಡೋ ಸಿನಿಮಾದ ಸಾದಾ ಮಾತುಗಳು.

ಮಂಡ್ಯ ಕಡೆ ಕಥೆಯ ಒಂದು ಸಣ್ಣ ಸಿನಿಮಾದಲ್ಲಿ ಹುಡುಗಿ ಅಳುತ್ತಾ ಹೇಳ್ತಾಳೆ, "ಕೈ ಹಿಡೀತಾನೆ ಅಂತ ನಂಬಿದ್ದೆ ಕಣಕ್ಕ, ಕೈ ಕೊಟ್ಬುಟ್ಟ." ಅಕ್ಕ ತನ್ನ ಕೈ ಮುಂದೆ ಚಾಚಿ, "ಕೊಟ್ಟ ಕೈನ ಯಾಕವ್ವ ಬಿಟ್ಟೆ? ಹಿಡ್ಕೋಬೇಕಿತ್ತು" ಅಂತಾಳೆ. ಅಳ್ತಿದ್ದವಳು ನಗ್ತಾಳೆ.

ಇಲ್ಲಿ ಮೊದಲ ಸಾಲಿಂದ ಶುರು ಮಾಡಿದ್ರೆ ಕೆಟ್ಟಿತು. ಕೈ ಕೊಟ್ಟ ಅಂದ್ರೆ ಮೋಸ ಮಾಡಿದ ಅಂತ ಬರೆದುಬಿಟ್ರೆ ಅಕ್ಕನ ಉತ್ತರಕ್ಕೆ ನೆಲೆಯೇ ಇರಲ್ಲ. ಅದಕ್ಕೆ ನಾನು ಯಾವಾಗಲೂ ಕೊನೆಯ ಮಾತನ್ನ ಮೊದಲು ಬರೆಯೋದು. ನಗು ಬರೋ ಜಾಗ ಯಾವುದು, ಆ ಹೊತ್ತಲ್ಲಿ ಪರದೆ ಮೇಲೆ ಏನು ಕಾಣ್ತಿದೆ, ಅದನ್ನ ನೋಡ್ಕೊಂಡು ಹಿಂದಕ್ಕೆ ಬರ್ತೀನಿ. ಅಕ್ಕನ ಮಾತು ಎರಡು ಸೆಕೆಂಡಲ್ಲಿ ಮುಗಿಯುತ್ತೆ. ನೋಡುವವರು ಓದೋದು ಸೆಕೆಂಡಿಗೆ ಸುಮಾರು 17 ಅಕ್ಷರ ಅನ್ನೋ ಲೆಕ್ಕದಲ್ಲಿ ನಾವು ಕೆಲಸ ಮಾಡ್ತೀವಿ, ಅಂದ್ರೆ ಜಾಗ ಮತ್ತು ಚುಕ್ಕಿ ಸೇರಿ 34 ಅಕ್ಷರದೊಳಗೆ ಮುಗೀಬೇಕು.

ನನ್ನ ಮುಂದೆ ಎರಡು ದಾರಿ ಇತ್ತು. 'ಗೇವ್ ಮಿ ದ ಸ್ಲಿಪ್' ಅಂತ ಹಾಕಿದ್ರೆ ಕೊಡೋದು ಉಳಿಯುತ್ತೆ, ಕೈ ಹೋಗುತ್ತೆ. ಆಗ ಅಕ್ಕ ಚಾಚಿದ ಕೈಗೆ ಅರ್ಥವಿಲ್ಲ. 'ಲೆಟ್ ಗೋ ಆಫ್ ಮೈ ಹ್ಯಾಂಡ್' ಅಂದ್ರೆ ಕೈ ಉಳಿಯುತ್ತೆ, ಆದ್ರೆ ಕೊಡೋದೇ ಮೋಸ ಆಗೋ ಆ ತಿರುವು ಹೋಗುತ್ತೆ. ಕೈ ಕಣ್ಣಿಗೆ ಕಾಣ್ತಿದೆಯಲ್ಲ, ಅದಕ್ಕೆ ಕೈಯನ್ನೇ ಉಳಿಸಿದೆ. ಅಕ್ಕನ ಮಾತು 'ಯು ಶುಡ್ ಹ್ಯಾವ್ ಹೆಲ್ಡ್ ಆನ್' ಅಂತಾಯ್ತು. ನಗು ಬಂತು, ಕನ್ನಡದಷ್ಟು ಚುರುಕಿಲ್ಲ.

ಇದೇ ಮಾತು ಪಕ್ಕದ ಭಾಷೆಗಳಲ್ಲಿ ಹೇಗೆ ಬದಲಾಗುತ್ತೆ ನೋಡಿ. ತೆಲುಗಿನವರು 'ಹ್ಯಾಂಡ್ ಇಚ್ಚಾಡು' ಅಂದ್ರೆ ಕೈ ಕೊಟ್ಟ ಅಂತಲೇ ಅರ್ಥ, ಹಾಗಾಗಿ ಮಾತು ಹೆಚ್ಚುಕಮ್ಮಿ ಇದ್ದ ಹಾಗೇ ಹೋಗುತ್ತೆ. ತಮಿಳಲ್ಲಿ ಕೈ ಕೊಡೋದು ಅಂದ್ರೆ ನೆರವಾಗೋದು! ಪದಕ್ಕೆ ಪದ ಇಟ್ರೆ ಹುಡುಗಿ ಅಳೋದೇ ತಪ್ಪಾಗುತ್ತೆ. ಅಲ್ಲಿ 'ಕೈ ವಿಟ್ಟುಟ್ಟಾನ್', ಕೈಬಿಟ್ಟ, ಅನ್ನಬೇಕು. ಅವನು ಬಿಟ್ರೂ ನೀನು ಹಿಡ್ಕೋಬೇಕಿತ್ತು ಅಂತ ಅಕ್ಕನ ಉತ್ತರ ಕೂರುತ್ತೆ. ಹಾಗಾಗಿ ಈ ಮಾತು ಅನುವಾದವೇ ಆಗಲ್ಲ ಅಂತ ಯಾರಾದ್ರೂ ಅಂದ್ರೆ, ಯಾವ ಭಾಷೆಗೆ ಅಂತ ನಾನು ಮೊದಲು ಕೇಳ್ತೀನಿ.

ಯಾವ ಕಡೆಗೂ ಸರಿಯಾಗಿ ಹೋಗದೆ ಇರೋವೂ ಇವೆ. ಅದೇ ಸಿನಿಮಾದಲ್ಲಿ ಅತ್ತೆ ಪೇಟೆಯಿಂದ ಬಂದ ಸೊಸೆಗೆ "ಹೋಗಿ ಹಸ ಕರಿಯವ್ವ" ಅಂತಾಳೆ. ಸೊಸೆ ಕೊಟ್ಟಿಗೆ ಬಾಗಿಲಲ್ಲಿ ನಿಂತು "ಬಾ ಬಾ" ಅಂತ ಹಸುವನ್ನ ಕೂಗ್ತಾಳೆ. ಹಳಗನ್ನಡದಲ್ಲಿ ಇವು ಎರಡು ಬೇರೆ ಪದ. ಕೂಗೋದು 'ಕರೆ', ಹಾಲು ಕರೆಯೋದು ಶಕಟರೇಫದ 'ಕಱೆ'. ಆ ಱ ಅಕ್ಷರ ನಮ್ಮ ಬಾಯಲ್ಲಿ ರ ಜೊತೆ ಸೇರಿಹೋಯ್ತು, ಎರಡೂ ಒಂದೇ ಸದ್ದಾಯ್ತು. ಇದು ಕನ್ನಡದ ಒಳಗೇ ನಡೆದದ್ದು, ಇಂಗ್ಲಿಷಿನಲ್ಲಿ ಇದಕ್ಕೆ ಜೋಡಿ ಹುಡುಕಿದ್ರೆ ಎಲ್ಲಿ ಸಿಗುತ್ತೆ? ಹಸುವಿನ ಹಾಲು ತಗೊಂಡು ಬಾ ಅಂತ ಬರೆದೆ. ದೃಶ್ಯ ನಗಿಸುತ್ತೆ. ಆದ್ರೆ ಕನ್ನಡದಲ್ಲಿ ಆ ಹುಡುಗಿ ಅತ್ತೆ ಹೇಳಿದ್ದನ್ನ ಬೇರೆ ಅರ್ಥದಲ್ಲಿ ತಗೊಂಡಿದ್ದಾಳೆ ಅಷ್ಟೆ, ಇಂಗ್ಲಿಷಲ್ಲಿ ಏನೂ ತಿಳಿಯದ ಪೆದ್ದಿ ಆಗ್ತಾಳೆ. ಒಂದು ಮಾತು ಹೋದದ್ದಕ್ಕಿಂತ ಪಾತ್ರ ಬದಲಾಗಿದ್ದು ನನಗೆ ಜಾಸ್ತಿ ನೋವು. ಮುಂದಿನ ದೃಶ್ಯದಲ್ಲಿ ಅವಳ ಮಾತುಗಳನ್ನ ಸ್ವಲ್ಪ ಚುರುಕಾಗಿ ಬರೆದು ಅದನ್ನ ಸರಿದೂಗಿಸಿದೆ.

ಹಾಡಲ್ಲಿ ಒಂದು ಅನುಕೂಲ ಇದೆ. ಪಲ್ಲವಿ ಮತ್ತೆ ಮತ್ತೆ ಬರುತ್ತೆ. "ಮುತ್ತು ಕೇಳಿದೆ ನಾನು, ಕಡಲಿಗೆ ಹೋಗೆಂದೆ ನೀನು" ಅಂತ ಒಂದು ಸಾಲು ಇದೆ ಅನ್ಕೊಳ್ಳಿ. ಮೊದಲ ಸಲ ಚುಂಬನ ಅಂತ ಬರೀತೀನಿ, ಪಲ್ಲವಿ ತಿರುಗಿ ಬಂದಾಗ ಕಡಲ ಮುತ್ತು ಅಂತ. ನೋಡುವವರಿಗೆ ಎರಡೂ ಒಂದೇ ಪದದಲ್ಲಿವೆ ಅನ್ನೋದು ಗೊತ್ತಾಗುತ್ತೆ, ಯಾಕಂದ್ರೆ ಕಿವಿಗೆ ಬೀಳೋ ಸಾಲು ಅದೇ. ಈ ಉಪಾಯ ಚರಣಕ್ಕೆ ಆಗಲ್ಲ, ಅದು ಒಂದೇ ಸಲ ಬರೋದು. ಸಂಕಲನದಲ್ಲಿ ಎರಡನೇ ಪಲ್ಲವಿ ಕತ್ತರಿಸಿದ್ರೂ ಆಗಲ್ಲ, ಆಗ ಚುಂಬನವನ್ನೇ ಇಟ್ಕೊಳ್ತೀನಿ. ಹಾಡಿನ ಕಥೆ ನಡೆಯೋದು ಅದರಿಂದ. ಅದಕ್ಕೆ ಕೊನೆಯ ಸಂಕಲನದ ಪ್ರತಿ ಕೈಗೆ ಬರೋ ತನಕ ಹಾಡುಗಳನ್ನ ಮುಟ್ಟೋದೇ ಇಲ್ಲ.